ಕೈತಪ್ಪಿದ ಗಿರಾಕಿಗೆ ಇನ್ನೊಂದು ಪತ್ರ

ರಾಣೆಬೆನ್ನೂರಿನ ಬೀಜ, ಗೊಬ್ಬರದ ವ್ಯಾಪಾರಿಯೊಬ್ಬರು 2023ರ ನವೆಂಬರಿನಲ್ಲಿ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಡವೆಂದು ಹೇಳಿ ಬೇರೆಯವರದ್ದನ್ನು ತೆಗೆದುಕೊಂಡರು. ಎರಡು ಸಲ ಡೆಮೊ ಕೊಟ್ಟಿದ್ದೆವು, ಕೊಟೇಶನ್ನೂ ಕಳಿಸಿದ್ದೆವು. ಅವರದು ಮೂರು ಅಂಗಡಿ, ಒಳ್ಳೆಯ ವ್ಯಾಪಾರ. ಕಂಪ್ಯೂಟರಿನಲ್ಲಿ ‘ಕಾರಣ’ ಎಂದಿದ್ದ ಕಡೆ ‘ಬೆಲೆ’ ಎಂದು ಒತ್ತಿ ನಾನು ಆ ಫೈಲು ಮುಚ್ಚಿದೆ.

2024ರ ಆಗಸ್ಟಿನಲ್ಲಿ ನಮ್ಮ ಸಾಫ್ಟ್‌ವೇರ್‌ಗೆ ಇಂಟರ್ನೆಟ್ ಇಲ್ಲದಿದ್ದಾಗಲೂ ಬಿಲ್ ಮಾಡುವ ಸೌಲಭ್ಯ ಬಂತು. ಹಿಂದೆ ಬೇಡವೆಂದವರಿಗೆಲ್ಲ ಒಂದೇ ಇಮೇಲ್ ಕಳಿಸಿಬಿಡೋಣ ಎಂಬ ಮಾತು ಆಫೀಸಿನಲ್ಲಿ ಎದ್ದಿತು. ನಾನು ಒಪ್ಪಲಿಲ್ಲ. ಬೇಡ ಎಂದವರ ಹತ್ತಿರ ಮತ್ತೆ ಮಾತಾಡಲು ಸಿಗುವುದು ಒಂದೇ ಅವಕಾಶ. ಅವರು ಅಂದು ಯಾತಕ್ಕೆ ಬೇಡವೆಂದರೋ ಅದೇ ಈಗ ಬದಲಾಗಿದ್ದರೆ ಮಾತ್ರ ಆ ಅವಕಾಶ ಬಳಸಬೇಕು.

ಹಾಗಾಗಿ ಮೊದಲು ಹಳೆಯ ಟಿಪ್ಪಣಿ ತೆಗೆದು ಓದಿದೆ. ನಾನು ಒತ್ತಿದ್ದು ‘ಬೆಲೆ’, ಆದರೆ ಎರಡನೇ ಡೆಮೊ ದಿನ ಬರೆದಿಟ್ಟುಕೊಂಡಿದ್ದ ಸಾಲು ಬೇರೆಯೇ ಹೇಳುತ್ತಿತ್ತು: “ಮಳೆಗಾಲದಾಗ ನೆಟ್ ಹೋದ್ರ ಬಿಲ್ ಹೆಂಗ ಮಾಡೂದು? ರೈತರು ಬಾಗಿಲಿಗೆ ನಿಂತಿರ್ತಾರ.” ಅವರು ಬೆಲೆಯ ಮಾತೆತ್ತಿದ್ದು ಕೊನೆಯ ಫೋನಿನಲ್ಲಿ. ಮನಸ್ಸು ಅದಕ್ಕೂ ಮೊದಲೇ ಬೇರೆ ಕಡೆ ಹೋಗಿತ್ತು. ಬೇಡ ಎನ್ನಲು ಬೆಲೆ ಸುಲಭದ ಕಾರಣ, ಎದುರಿನವರಿಗೆ ನೋವಾಗುವುದಿಲ್ಲ. ಅದಕ್ಕೇ ‘ಬೆಲೆ’ ಎಂದು ದಾಖಲಾದ ಪ್ರತಿ ಫೈಲಿನಲ್ಲೂ ಅವರು ಅದಕ್ಕಿಂತ ಮುಂಚೆ ಕೇಳಿದ ಪ್ರಶ್ನೆಗಳನ್ನು ಹುಡುಕಬೇಕು. ಒಮ್ಮೆ ಇದನ್ನು ಮಾಡದೆ ಇನ್ನೊಬ್ಬ ಗಿರಾಕಿಗೆ ‘ದರ ಇಳಿದಿದೆ’ ಎಂದು ಬರೆದಿದ್ದೆ. “ದರದ ಮಾತು ನಾವು ಎತ್ತೇ ಇಲ್ಲವಲ್ಲ” ಎಂದು ಉತ್ತರ ಬಂತು. ಹೊಸ ಸಾಫ್ಟ್‌ವೇರ್ ಕಲಿಯಲು ಅವರ ಲೆಕ್ಕದವರು ಒಪ್ಪಿರಲಿಲ್ಲ, ಅಷ್ಟೇ. ಆ ಪತ್ರದಿಂದ ಅವರಿಗೆ ತಿಳಿದದ್ದು, ನಾವು ಅವರ ಮಾತು ಕೇಳಿಸಿಕೊಂಡಿರಲಿಲ್ಲ ಎಂಬುದು.

ಎರಡನೆಯ ಕೆಲಸ, ಬದಲಾಗಿದೆ ಎನ್ನುವುದು ಅವರ ಅಂಗಡಿಯಲ್ಲಿ ನಿಜವಾಗಿ ನಡೆಯುತ್ತದೆಯೇ ಎಂದು ನೋಡುವುದು. ಆಫೀಸಿನಲ್ಲಿ ಎರಡು ಕಂಪ್ಯೂಟರ್ ಇಟ್ಟು, ಎರಡು ಕೌಂಟರ್ ಎಂದುಕೊಂಡು, ನೆಟ್ ಕೇಬಲ್ ಕಿತ್ತೆ. ಒಂದೊಂದರಲ್ಲಿ ಇಪ್ಪತ್ತು ಬಿಲ್ ಹಾಕಿದೆ, ಸಲೀಸಾಗಿ ಆಯಿತು. ಕೇಬಲ್ ಮತ್ತೆ ಸಿಕ್ಕಿಸಿದಾಗ ತೊಂದರೆ ಕಂಡಿತು. ಎರಡೂ ಕಂಪ್ಯೂಟರ್ ಒಂದೇ ಸಂಖ್ಯೆಯಿಂದ ಎಣಿಸಿದ್ದರಿಂದ ಇಪ್ಪತ್ತು ಬಿಲ್ ಸಂಖ್ಯೆಗಳು ಎರಡೆರಡು ಸಲ ಬಂದಿದ್ದವು. ಜಿಎಸ್‌ಟಿ ನಿಯಮದಲ್ಲಿ ಬಿಲ್ ಸಂಖ್ಯೆ ಒಂದು ಆರ್ಥಿಕ ವರ್ಷದೊಳಗೆ ಎರಡು ಸಲ ಬರುವಂತಿಲ್ಲ, 16 ಅಕ್ಷರ ಮೀರುವಂತೆಯೂ ಇಲ್ಲ. ಆ ದಿನವೇ ಇಮೇಲ್ ಕಳಿಸಿ, ಅವರು ನಂಬಿ ಬಂದು, ಮುಂಗಾರಿನ ನೂಕುನುಗ್ಗಲಿನಲ್ಲಿ ಹೀಗಾಗಿದ್ದರೆ ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲು ಆಗುತ್ತಿರಲಿಲ್ಲ. ಪ್ರತಿ ಕೌಂಟರಿಗೂ ಅದರದೇ ಅಕ್ಷರದಿಂದ ಶುರುವಾಗುವ ಬೇರೆ ಸರಣಿ ಕೊಟ್ಟು ಸರಿಪಡಿಸಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ನಾನು ಪತ್ರ ಬರೆಯಲಿಲ್ಲ.

ಇನ್ನೊಂದು ಮಿತಿಯೂ ಇತ್ತು. 2023ರ ಆಗಸ್ಟ್ 1ರಿಂದ, ವಹಿವಾಟು 5 ಕೋಟಿ ದಾಟಿದ ವ್ಯಾಪಾರಿಗಳು ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರುವಾಗ ಇ-ಇನ್ವಾಯ್ಸ್ ಮಾಡಬೇಕು. ಅದರ ಸಂಖ್ಯೆ ಸರ್ಕಾರದ ಪೋರ್ಟಲ್ಲಿನಿಂದಲೇ ಬರಬೇಕಾದ್ದರಿಂದ ನೆಟ್ ಇಲ್ಲದೆ ಆಗದು. ರೈತರಿಗೆ ಕೊಡುವ ಬಿಲ್ಲಿಗೆ ಇದು ಬೇಕಿಲ್ಲ. ಅವರ ಕೌಂಟರಿನ ಮುಂದೆ ನಿಲ್ಲುವವರು ಹೆಚ್ಚಾಗಿ ರೈತರೇ, ಆದರೆ ಹಳ್ಳಿಯ ಚಿಕ್ಕ ಅಂಗಡಿಗಳಿಗೂ ಅವರು ಮಾಲು ಕೊಡುತ್ತಿದ್ದರು. ಈ ಮಿತಿಯನ್ನು ಪತ್ರದಲ್ಲೇ ಹೇಳುವುದೆಂದು ನಿಶ್ಚಯಿಸಿದೆ. ಹೇಳದೆ ಬಿಟ್ಟರೆ ಅವರು ಡೆಮೊದಲ್ಲಿ ಕೇಳಿಯೇ ಕೇಳುತ್ತಾರೆ, ಆಗ ನಮ್ಮ ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ.

ಯಾವಾಗ ಕಳಿಸಬೇಕು ಎಂಬುದು ಅವರ ದುಡಿಮೆಯ ಕಾಲ ನೋಡಿ ತೀರ್ಮಾನವಾಗಬೇಕು. ಜೂನ್, ಜುಲೈಯಲ್ಲಿ ಮುಂಗಾರು ಬಿತ್ತನೆ, ಅಕ್ಟೋಬರಿನಲ್ಲಿ ಹಿಂಗಾರು. ಅವರು ತೆಗೆದುಕೊಂಡಿದ್ದ ಸಾಫ್ಟ್‌ವೇರಿನ ವರ್ಷದ ಚಂದಾ ಮುಗಿಯುವುದು ನವೆಂಬರಿನಲ್ಲಿ. ಎರಡು ಬಿತ್ತನೆಗಳ ನಡುವೆ, ಚಂದಾ ಮುಗಿಯಲು ಎರಡು ತಿಂಗಳಿರುವಾಗ, ಸೆಪ್ಟೆಂಬರ್ ಮೊದಲ ವಾರ ಕಳಿಸಿದೆ. ಹೊಸ ಇಮೇಲಾಗಿ ಅಲ್ಲ, ಹಿಂದೆ ನಡೆದ ಪತ್ರವ್ಯವಹಾರದ ಕೊನೆಯ ಇಮೇಲಿಗೇ ಉತ್ತರವಾಗಿ. ಹಾಗೆ ಮಾಡಿದರೆ ಹಿಂದಿನ ಮಾತು, ಕೊಟೇಶನ್ ಎಲ್ಲ ಕೆಳಗೇ ಇರುತ್ತವೆ, ‘ಇವರು ಯಾರು’ ಎಂಬ ಪ್ರಶ್ನೆ ಬರುವುದಿಲ್ಲ. ಬರೆದದ್ದು ಇಷ್ಟು:

“ನಮಸ್ಕಾರ ಸರ್. ಹೋದ ವರ್ಷ ಡೆಮೊ ನೋಡುವಾಗ, ಮಳೆಗಾಲದಲ್ಲಿ ನೆಟ್ ಹೋದರೆ ಬಿಲ್ ಹೇಗೆ ಎಂದು ಕೇಳಿದ್ದಿರಿ. ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ನೆಟ್ ಇಲ್ಲದೆಯೂ ಮೂರೂ ಅಂಗಡಿಯಲ್ಲಿ ರೈತರಿಗೆ ಬಿಲ್ ಕೊಡಬಹುದು. ನೆಟ್ ಬಂದ ಮೇಲೆ ಸ್ಟಾಕ್ ತಾನಾಗಿ ಸರಿಹೋಗುತ್ತದೆ. ಇ-ಇನ್ವಾಯ್ಸ್‌ಗೆ ಮಾತ್ರ ಈಗಲೂ ನೆಟ್ ಬೇಕು. ಕೊಟೇಶನ್‌ನಲ್ಲಿದ್ದ ದರವೇ ಇದೆ, ಈ ಸೌಲಭ್ಯಕ್ಕೆ ಬೇರೆ ಹಣವಿಲ್ಲ. ಕೇಬಲ್ ಕಿತ್ತು ಬಿಲ್ ಮಾಡುವ ನಾಲ್ಕು ನಿಮಿಷದ ವಿಡಿಯೊ ಇದೆ, ಕಳಿಸಲೇ?”

ಈಗ ಅವರು ಬಳಸುತ್ತಿರುವ ಸಾಫ್ಟ್‌ವೇರಿನ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಅದನ್ನು ಆರಿಸಿದವರು ಅವರೇ, ಅದನ್ನು ಹಳಿದರೆ ಅವರ ಆಯ್ಕೆಯನ್ನೇ ಹಳಿದಂತೆ. ಭೇಟಿಗೂ ಸಮಯ ಕೇಳಲಿಲ್ಲ, ಬಿಡುವಿಲ್ಲದ ವ್ಯಾಪಾರಿ ‘ಕಳಿಸಿ’ ಎಂಬ ಒಂದು ಪದದಲ್ಲಿ ಉತ್ತರಿಸುವಂತಿರಲಿ ಎಂದು ಬಿಟ್ಟೆ. ಬದಲಾದದ್ದು ದರವೇ ಆಗಿದ್ದರೆ ಹಳೆಯ ಕೊಟೇಶನ್ನಿನ ಮೊತ್ತ ಮತ್ತು ಹೊಸ ಮೊತ್ತ ಎರಡನ್ನೂ ಅಷ್ಟೇ ಕೌಂಟರಿಗೆ, ಜಿಎಸ್‌ಟಿ ಸೇರಿಸಿ ಬರೆದು, ಯಾಕೆ ಇಳಿಯಿತು ಎಂದೂ ಹೇಳುತ್ತಿದ್ದೆ. ಕಾರಣ ಹೇಳದೆ ಇಳಿಸಿದ ದರ ನೋಡಿದವರು, ಮೊದಲು ಹೆಚ್ಚು ಹೇಳಿದ್ದರು ಎಂದೇ ತಿಳಿಯುತ್ತಾರೆ.

ಇಮೇಲ್ ತೆರೆದರೋ ಇಲ್ಲವೋ ಎಂದು ತೋರಿಸುವ ಸಾಧನಗಳನ್ನು ನಾನು ನಂಬುವುದಿಲ್ಲ. 2021ರಿಂದ ಆಪಲ್‌ನ ಮೇಲ್ ಆ್ಯಪ್ ಇಮೇಲಿನ ಚಿತ್ರಗಳನ್ನು ಓದುಗರು ತೆರೆಯುವ ಮೊದಲೇ ತಾನೇ ಇಳಿಸಿಕೊಳ್ಳಬಲ್ಲದು. ಹಾಗಾಗಿ ಯಾರೂ ಓದದಿದ್ದರೂ ‘ತೆರೆದಿದ್ದಾರೆ’ ಎಂದು ತೋರಬಹುದು. ನಾನು ನೋಡುವುದು ಉತ್ತರವನ್ನು, ಅದರೊಳಗಿನ ಪ್ರಶ್ನೆಯನ್ನು. ‘ನೋಡ್ತೀವಿ’ ಎಂದರೆ ಮಾತು ಮುಗಿದಂತೆ. ಹತ್ತು ದಿನ ಉತ್ತರ ಬಾರದಿದ್ದರೆ ಆ ವಿಡಿಯೊ ಲಗತ್ತಿಸಿ ಒಂದೇ ಒಂದು ಸಲ ನೆನಪಿಸುತ್ತೇನೆ. ಆಮೇಲೆ ಮತ್ತೇನಾದರೂ ನಿಜಕ್ಕೂ ಬದಲಾಗುವವರೆಗೆ ಬರೆಯುವುದಿಲ್ಲ.

ರಾಣೆಬೆನ್ನೂರಿನಿಂದ ಮೂರನೇ ದಿನ ಉತ್ತರ ಬಂತು. “ವಿಡಿಯೊ ಕಳಸ್ರಿ. ಒಂದ ಅಂಗಡ್ಯಾಗಿನ ಸ್ಟಾಕ್ ಇನ್ನೊಂದ ಅಂಗಡ್ಯಾಗ ನೆಟ್ ಇಲ್ದಾಗೂ ಕಾಣ್ತದೇನು?” ಕಾಣುವುದಿಲ್ಲ, ನೆಟ್ ಬಂದ ಮೇಲೆಯೇ ಎಂದು ಬರೆದೆ. ಅದಾದ ಮೇಲೆ ಅವರೇ ಫೋನ್ ಮಾಡಿದರು. ಬಿಲ್ ಸಂಖ್ಯೆ ಹೊಸದಾಗಿ ಶುರುವಾಗುವ ಏಪ್ರಿಲ್ 1ಕ್ಕೆ ಮೊದಲು ಬದಲಾಯಿಸುವುದಿಲ್ಲ, ಅದುವರೆಗೆ ಈಗಿನದ್ದೇ ಇರಲಿ ಎಂದರು. ಏಪ್ರಿಲ್‌ನಲ್ಲಿ ನೆಟ್ ಹೆಚ್ಚು ಕೈಕೊಡುವ ಒಂದು ಅಂಗಡಿಯಲ್ಲಿ ಶುರುಮಾಡಿದರು. ಉಳಿದ ಎರಡರ ಮಾತನ್ನು ಮುಂಗಾರು ಮುಗಿದ ಮೇಲೆ ಆಡೋಣ ಎಂದಿದ್ದರು.