ನಾನಿಗೆ ವಯಸ್ಸೆಷ್ಟು?

ನಮ್ಮ ನಾನಿ ಹುಟ್ಟಿದ್ದು ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿ. ಎರಡು ವರ್ಷ ಭಾಲ್ಕಿಯಲ್ಲಿ ಅವರ ಮಾಮುವಿನ ಮನೆಯಲ್ಲಿದ್ದು ಉರ್ದು ಶಾಲೆಗೆ ಹೋಗಿದ್ದರು. ಈಗ ಬೀದರ್‌ನಲ್ಲಿ ನಮ್ಮ ಜೊತೆ ಇದ್ದಾರೆ. 2024ರ ಆಗಸ್ಟ್‌ನಲ್ಲಿ ಅವರ ವೃದ್ಧಾಪ್ಯ ವೇತನಕ್ಕೆ ಅರ್ಜಿ ಕೊಡಲು ಅಮ್ಮಿಯ ಜೊತೆ ನಾನೂ ಹೋಗಿದ್ದೆ. ಅಲ್ಲಿದ್ದವರು ಕಾಗದಗಳನ್ನು ನೋಡಿ, "ಅಮ್ಮಾ, ಆಧಾರ್‌ನಲ್ಲಿ ನಿಮಗೆ 60, ವೋಟರ್ ಕಾರ್ಡ್ ಪ್ರಕಾರ 65. ಯಾವುದನ್ನು ನಂಬೋಣ?" ಎಂದು ಕೇಳಿದರು. ನಾನಿ ಸುಮ್ಮನೆ ನನ್ನ ಮುಖ ನೋಡಿದರು.

ಈ ಐದು ವರ್ಷದ ವ್ಯತ್ಯಾಸಕ್ಕೆ ಬೆಲೆಯಿದೆ. ನಮ್ಮ ರಾಜ್ಯದಲ್ಲಿ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ ಬಿಪಿಎಲ್ ಕುಟುಂಬದವರಿಗೆ 60 ತುಂಬಿದ ಮೇಲೆ ಸಿಗುತ್ತದೆ. 64ರವರೆಗೆ ತಿಂಗಳಿಗೆ 800 ರೂಪಾಯಿ, 65 ತುಂಬಿದ ಮೇಲೆ 1,200 ರೂಪಾಯಿ. ಅಂದರೆ ಆಧಾರ್ ಒಂದನ್ನೇ ನಂಬಿದರೂ ನಾನಿಗೆ ವೇತನ ಬರುತ್ತಿತ್ತು, ಆದರೆ ಕಡಿಮೆ. ಆಧಾರ್ ಪ್ರಕಾರ ಅವರಿಗೆ 65 ತುಂಬುವುದು 2029ರ ಜನವರಿಯಲ್ಲಿ. 2024ರ ಸೆಪ್ಟೆಂಬರ್‌ನಿಂದ ಲೆಕ್ಕ ಹಾಕಿದರೆ 52 ತಿಂಗಳು, ತಿಂಗಳಿಗೆ 400ರಂತೆ 20,800 ರೂಪಾಯಿ ನಷ್ಟ.

ಹಾಗಾದರೆ ಎರಡು ವಯಸ್ಸು ಬಂದದ್ದು ಎಲ್ಲಿಂದ? ಆಧಾರ್‌ನಲ್ಲಿ ನಾನಿಯ ಜನ್ಮದಿನ 01/01/1964 ಎಂದಿದೆ. ಜನವರಿ ಒಂದನೇ ತಾರೀಖು ಕಂಡರೆ ಸ್ವಲ್ಪ ಯೋಚಿಸಬೇಕು. ದಾಖಲೆ ಇಲ್ಲದವರು ಅಂದಾಜು ವಯಸ್ಸು ಹೇಳಿದಾಗ ಅದರಿಂದ ವರ್ಷ ಲೆಕ್ಕ ಹಾಕಿ ಜನವರಿ 1 ಎಂದು ದಾಖಲಿಸುತ್ತಿದ್ದರು. ನಾನಿಯನ್ನು ಕೇಳಿದರೆ, "ಎಷ್ಟು ಅಂತ ಕೇಳಿದರು, ಬಾಯಿಗೆ ಬಂದದ್ದು ಹೇಳಿದೆ" ಅಂದರು. ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮದಿನದ ಪುರಾವೆಯಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ ಹೇಳಿದೆ. ವಯಸ್ಸು ನಿರ್ಧರಿಸಲು ಆಧಾರ್‌ಗಿಂತ ಶಾಲಾ ಪ್ರಮಾಣಪತ್ರ ಮೇಲು ಎಂದು ಸುಪ್ರೀಂ ಕೋರ್ಟ್ ಕೂಡ 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿತು.

ಹಳೆಯ ವೋಟರ್ ಕಾರ್ಡ್ ಓದುವುದಕ್ಕೂ ಒಂದು ರೀತಿಯಿದೆ. ಅದರಲ್ಲಿ ಜನ್ಮದಿನ ಇಲ್ಲ, "1.1.1995ಕ್ಕೆ ವಯಸ್ಸು 35" ಎಂದಷ್ಟೇ ಇದೆ. ಆ ದಿನ 35 ತುಂಬಿ 36 ಆಗಿಲ್ಲವೆಂದರೆ ನಾನಿ ಹುಟ್ಟಿದ್ದು 1959ರಲ್ಲಿ, ಹೆಚ್ಚೆಂದರೆ 1960ರ ಮೊದಲ ದಿನ. ಆದರೆ ಇದೂ ಬಾಯಿಮಾತಿನ ವಯಸ್ಸೇ ಆಗಿರಬಹುದು. ಆದ್ದರಿಂದ ಆ ಅಧಿಕಾರಿಯ ಅನುಮಾನ ತಪ್ಪೆಂದು ನಾನು ಹೇಳಲಾರೆ.

ಇಂಥ ಸಂದರ್ಭಕ್ಕೆ ಈ ಯೋಜನೆಯ ಕೇಂದ್ರ ಮಾರ್ಗಸೂಚಿಯಲ್ಲಿ ಒಂದು ಕ್ರಮ ಇದೆ. ಮೊದಲು ಜನನ ಪ್ರಮಾಣಪತ್ರ ಅಥವಾ ಶಾಲೆಯ ಪ್ರಮಾಣಪತ್ರ. ಅವು ಇಲ್ಲದಿದ್ದರೆ ರೇಷನ್ ಕಾರ್ಡ್ ಮತ್ತು ವೋಟರ್ ಕಾರ್ಡ್. ಯಾವುದೂ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿ ಕೊಡುವ ವಯಸ್ಸಿನ ಪ್ರಮಾಣಪತ್ರ. ಈ ಕ್ರಮ ತಿಳಿದ ಮೇಲೆ ನಾವು ಭಾಲ್ಕಿಗೆ ಹೋದೆವು.

ಶಾಲೆಯವರು ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದರು. ಉರ್ದುವಿನಲ್ಲಿ ಬರೆದಿತ್ತು. 1966ರ ಪುಟದಲ್ಲಿ ನಾನಿಯ ಹೆಸರು, ಅವರ ತಂದೆಯ ಹೆಸರು, ಜನ್ಮದಿನ 10 ಜೂನ್ 1959. ವೋಟರ್ ಕಾರ್ಡಿನ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಅರ್ಜಿ ಕೊಡುವ ಎರಡು ತಿಂಗಳ ಹಿಂದೆಯೇ ನಾನಿಗೆ 65 ತುಂಬಿತ್ತು. ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ನಕಲು ಪಡೆದು, ಅದರ ಕನ್ನಡ ಅನುವಾದ ಜೋಡಿಸಿ ಕೊಟ್ಟೆವು. ಹೆಸರಿನ ಕಾಗುಣಿತದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದುದರಿಂದ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಕೂಡ ಬೇಕಾಯಿತು. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ವಿಚಾರಿಸಿ ಹೋದರು. ಕೊನೆಗೆ 1,200 ರೂಪಾಯಿಯ ಆದೇಶ ಬಂತು.

ನಮ್ಮ ಪಕ್ಕದ ಮನೆಯ ಖಾಲಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಉಳಿದಿರುವುದು ವೈದ್ಯರ ಪ್ರಮಾಣಪತ್ರ. ಆದರೆ ಆ ವಯಸ್ಸಿನಲ್ಲಿ ದೇಹ ನೋಡಿ ಹೇಳುವುದು ಅಂದಾಜು ಮಾತ್ರ, ಕೆಲವು ವರ್ಷ ಹೆಚ್ಚು ಕಡಿಮೆ ಆಗಬಹುದು. ಬಿಸಿಲಲ್ಲಿ ದುಡಿದವರು ಹೆಚ್ಚು ಮುದುಕರಾಗಿ ಕಾಣುತ್ತಾರೆ, ಮುಖ ನೋಡಿ ಹೇಳುವ ವಯಸ್ಸು ಯಾರಿಗೂ ನ್ಯಾಯವಲ್ಲ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಸಕಾಲ ಕಾಯ್ದೆಯಡಿ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಕೊಟ್ಟಾಗ ಸಿಗುವ ಸಂಖ್ಯೆಯ ಚೀಟಿ ಜೋಪಾನ. ಇನ್ನೊಂದು ಮಾತು: ವೇತನಕ್ಕಾಗಿ ಪುರಾವೆ ಇಲ್ಲದೆ ಆಧಾರ್‌ನ ವರ್ಷ ತಿದ್ದಿಸಲು ಹೋಗಬೇಡಿ. ಜನ್ಮದಿನವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಲು ಅವಕಾಶ, ಮತ್ತು ಅರ್ಜಿಯ ಮುಂಚೆ ಬದಲಾದ ವಯಸ್ಸು ಹೊಸ ಅನುಮಾನಕ್ಕೇ ದಾರಿ.

ನಿಮ್ಮ ಮನೆಯ ಹಿರಿಯರ ಮೂರು ಕಾಗದ ಇಟ್ಟುಕೊಂಡು ಇಂದೇ ವಯಸ್ಸು ಲೆಕ್ಕ ಹಾಕಿ ನೋಡಿ. ಉರ್ದು ರಿಜಿಸ್ಟರ್ ಓದಲು ಯಾರಿಗಾದರೂ ಬರದಿದ್ದರೆ ನನ್ನನ್ನು ಕರೆಯಿರಿ, ನಾನು ಬರುತ್ತೇನೆ.