ಕಣ್ಣು ತೆರೆದಿದೆ, ಮಗು ಎದ್ದಿಲ್ಲ

ಎಂಟೂವರೆಗೆ ಮಲಗಿದ್ದ ಅಕ್ಕನ ಮೂರು ವರ್ಷದ ಮಗಳು ಹತ್ತು ಗಂಟೆಗೆ ಕಿಟಾರನೆ ಕಿರುಚಿ ಎದ್ದು ಕೂತಳು. ಕಣ್ಣು ಅಗಲವಾಗಿ ತೆರೆದಿತ್ತು, ಮೈ ಬೆವರಿತ್ತು. ಎತ್ತಿಕೊಳ್ಳಲು ಬಂದ ಅಮ್ಮನನ್ನೇ ಒದ್ದು ದೂಡುತ್ತ 'ಅಮ್ಮಾ, ಅಮ್ಮಾ' ಎಂದು ಕೂಗುತ್ತಿದ್ದಳು. ಭಾವ ದೀಪ ಹಾಕಿದರು, ಅಕ್ಕ ಭುಜ ಹಿಡಿದು ಅಲುಗಿಸಿದಳು, ಅಜ್ಜಿ ಮುಖಕ್ಕೆ ನೀರು ಚಿಮುಕಿಸಿದರು. ಅರಚಾಟ ಇನ್ನೂ ಹೆಚ್ಚಿತು. ಹತ್ತು ನಿಮಿಷದ ಮೇಲೆ ತಾನಾಗಿ ಒರಗಿ ನಿದ್ದೆಹೋದಳು. ಬೆಳಗ್ಗೆ ಕೇಳಿದರೆ ಏನೂ ನೆನಪಿಲ್ಲ.

ಕೆಟ್ಟ ಕನಸು ಬಿದ್ದಿರಬೇಕು ಎಂದು ಅಕ್ಕ, ದೃಷ್ಟಿಯಾಗಿದೆ ಎಂದು ಅಜ್ಜಿ. ಎರಡೂ ಅಲ್ಲ. ವೈದ್ಯರು ಇದನ್ನು ನೈಟ್ ಟೆರರ್ ಎನ್ನುತ್ತಾರೆ. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ, ಮಗು ಗಾಢ ನಿದ್ದೆಯಿಂದ ಹಗುರ ನಿದ್ದೆಗೆ ದಾಟುವಾಗ ಮಿದುಳು ಅರ್ಧ ಮಾತ್ರ ಎಚ್ಚರಗೊಳ್ಳುತ್ತದೆ. ಕೈಕಾಲು, ಗಂಟಲು ಎದ್ದಿರುತ್ತವೆ. ಗುರುತಿಸುವ, ನೆನಪಿಡುವ ಭಾಗ ಮಲಗಿಯೇ ಇರುತ್ತದೆ. ಹಾಗಾಗಿಯೇ ಅಮ್ಮನ ಮುಖ ಕಂಡರೂ ಅಮ್ಮನೆಂದು ತಿಳಿಯುವುದಿಲ್ಲ.

ಕೆಟ್ಟ ಕನಸು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆಗೆ ಬೀಳುತ್ತದೆ. ಆಗ ಮಗು ಪೂರ್ತಿ ಎಚ್ಚರವಾಗಿ, ಅಮ್ಮನನ್ನು ಅಪ್ಪಿಕೊಂಡು, ಮಾತು ಬಂದಿದ್ದರೆ 'ನಾಯಿ ಬಂತು' ಎಂದು ಹೇಳುತ್ತದೆ. ಮತ್ತೆ ಮಲಗಲು ಹೆದರುತ್ತದೆ. ಅದಕ್ಕೆ ಮಡಿಲು ಬೇಕು, ಮಾತು ಬೇಕು.

ನೈಟ್ ಟೆರರ್‌ಗೆ ಬೇಕಾದದ್ದು ಕಾವಲು. ಎಬ್ಬಿಸಬೇಡಿ, ಅಲುಗಿಸಬೇಡಿ, ಬಿಗಿಯಾಗಿ ಹಿಡಿಯಬೇಡಿ. ದೊಡ್ಡ ದೀಪ ಬೇಡ. ಹಾಸಿಗೆಯ ಅಂಚಿನಲ್ಲಿ ಕೂತು, ಮಗು ಬೀಳದಂತೆ, ಗೋಡೆಗೆ ತಲೆ ಬಡಿಯದಂತೆ ದಿಂಬು ಅಡ್ಡವಿಡಿ. ಎದ್ದು ಓಡಿದರೆ ಮೆಲ್ಲಗೆ ದಾರಿ ತಿರುಗಿಸಿ ಕರೆತನ್ನಿ. ಸುಮ್ಮನೆ ನೋಡುತ್ತ ಕೂರುವುದು ಹೆತ್ತವರಿಗೆ ಎಷ್ಟು ಕಷ್ಟವೆಂದು ನಾನು ಬಲ್ಲೆ. ಆದರೆ ಆ ಹೊತ್ತಿನ ಸಂಕಟ ನಿಮ್ಮ ನೆನಪಿನಲ್ಲಿ ಉಳಿಯುತ್ತದೆಯೇ ಹೊರತು ಮಗುವಿನ ನೆನಪಿನಲ್ಲಲ್ಲ. ಬೆಳಗ್ಗೆ ಅದನ್ನು ಕೆದಕಿ ಕೇಳಲೂಬೇಡಿ. ಮಲಗುವುದಕ್ಕೇ ಹೆದರಿಕೆ ಹುಟ್ಟೀತು.

ಅಕ್ಕನ ಮನೆಯಲ್ಲಿ ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು: ಮಗು ಶಿಶುವಿಹಾರಕ್ಕೆ ಸೇರಿದ ಮೇಲೆ ಮಧ್ಯಾಹ್ನದ ನಿದ್ದೆ ತಪ್ಪಿತ್ತು. ನಿದ್ದೆಗೆಟ್ಟಷ್ಟೂ ರಾತ್ರಿಯ ನಿದ್ದೆ ಆಳವಾಗುತ್ತದೆ, ಅದರಿಂದ ಅರ್ಧ ಎಚ್ಚರವೂ ಹೆಚ್ಚುತ್ತದೆ. ಜ್ವರ, ಕಟ್ಟಿಕೊಂಡ ಮೂತ್ರ ಕೂಡ ಇದನ್ನು ಕೆಣಕಬಲ್ಲವು. ಮಲಗುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತಂದರು. ಕಿರುಚಾಟ ಪ್ರತಿದಿನ ಮಲಗಿದ ಒಂದೂವರೆ ಗಂಟೆಗೇ ಬರುತ್ತಿದ್ದುದರಿಂದ, ವೈದ್ಯರು ಹೇಳಿದಂತೆ ಅದಕ್ಕೆ ಕಾಲು ಗಂಟೆ ಮೊದಲೇ ಮಗುವನ್ನು ಮೆಲ್ಲಗೆ ಎಚ್ಚರಿಸಿ, ಮತ್ತೆ ಮಲಗಿಸಿದರು. ಮೂರು ವಾರ ಹೀಗೆ ಮಾಡಿದ ಮೇಲೆ ಕಿರುಚಾಟ ನಿಂತಿತು.

ಎಲ್ಲ ಮಕ್ಕಳಲ್ಲೂ ಇಷ್ಟರಲ್ಲೇ ಮುಗಿಯದು. ಮಗು ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುತ್ತಿದ್ದರೆ, ಕೈಕಾಲು ಒಂದೇ ತಾಳದಲ್ಲಿ ಅದುರಿದರೆ, ಮೈ ಸೆಟೆದರೆ, ಒಂದೇ ರಾತ್ರಿ ಹಲವು ಸಲ ಹೀಗಾದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ನಿದ್ದೆಯಲ್ಲಿ ಬರುವ ಫಿಟ್ಸ್ ಕೂಡ ಕೆಲವೊಮ್ಮೆ ಹೀಗೆಯೇ ಕಾಣುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದುಕೊಂಡು ಹೋಗಿ. ನೀವು ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚನ್ನು ವೈದ್ಯರು ಅದರಲ್ಲಿ ಕಾಣುತ್ತಾರೆ.