ಕ್ಯಾಶ್ ಆನ್ ಡೆಲಿವರಿ ಮತ್ತು ಬಾಗಿಲಲ್ಲಿ ಕೇಳುವ ನಿರ್ವಹಣಾ ಶುಲ್ಕ

ಕ್ಯಾಶ್ ಆನ್ ಡೆಲಿವರಿ ಎಂಬುದು ಆನ್‌ಲೈನ್ ಮೂಲಕ ತರಿಸಿಕೊಂಡ ವಸ್ತುವಿನ ಬೆಲೆಯನ್ನು, ಅದು ಮನೆಗೆ ತಲುಪಿದಾಗ ಪಾವತಿಸುವ ಪದ್ಧತಿ. ಹೀಗೆ ಪಾವತಿಸುವಾಗ ಬೆಲೆಯ ಜೊತೆಗೆ ‘ಹ್ಯಾಂಡ್ಲಿಂಗ್ ಚಾರ್ಜ್’ ಅಥವಾ ನಿರ್ವಹಣಾ ಶುಲ್ಕವೆಂದು ಹೆಚ್ಚುವರಿ ಹಣವನ್ನು ಕೇಳುವುದುಂಟು. ಭಾರತದ ಕಾನೂನಿನ ಪ್ರಕಾರ, ಆ ಶುಲ್ಕವನ್ನು ಆರ್ಡರ್ ಖಚಿತಪಡಿಸುವ ಮೊದಲೇ ಗ್ರಾಹಕನಿಗೆ ತಿಳಿಸಲಾಗಿತ್ತೇ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ.

ಹಿನ್ನೆಲೆ

ವಸ್ತು ಕೈಸೇರಿದಾಗ ಹಣ ಕೊಡುವ ಕ್ರಮ ಭಾರತಕ್ಕೆ ಹೊಸತಲ್ಲ. ಅಂಚೆ ಇಲಾಖೆಯ ವಿ.ಪಿ.ಪಿ. ಸೇವೆ 1877ರಲ್ಲಿ ಆರಂಭವಾಯಿತು. ಕನ್ನಡದ ಎಷ್ಟೋ ಓದುಗರು ಪ್ರಕಾಶಕರಿಂದ ಪುಸ್ತಕ ತರಿಸಿಕೊಂಡದ್ದು ಇದರ ಮೂಲಕವೇ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಈ ಸೌಲಭ್ಯವನ್ನು ನೀಡತೊಡಗಿದ ಬಳಿಕ ಆನ್‌ಲೈನ್ ವ್ಯಾಪಾರದಲ್ಲಿಯೂ ಅದು ಹರಡಿತು.

ಶುಲ್ಕ ಏಕೆ?

ನಗದು ವ್ಯವಹಾರದಿಂದ ಮಾರಾಟಗಾರನಿಗೆ ನಿಜವಾದ ಖರ್ಚು ಉಂಟು. ಹಣ ಸಂಗ್ರಹಿಸಿ ಕೊಡುವುದಕ್ಕಾಗಿ ಕೊರಿಯರ್ ಸಂಸ್ಥೆಯು ಅವನಿಂದ ಪ್ರತ್ಯೇಕ ಶುಲ್ಕ ಪಡೆಯುತ್ತದೆ. ಹಣ ಅವನನ್ನು ತಲುಪಲು ಕೆಲವು ದಿನಗಳು ಹಿಡಿಯುತ್ತವೆ. ಗ್ರಾಹಕನು ಪಾರ್ಸೆಲ್ ನಿರಾಕರಿಸಿದರೆ ಹೋಗಿಬರುವ ಎರಡೂ ಸಾಗಣೆಯ ವೆಚ್ಚ ಮಾರಾಟಗಾರನ ಮೇಲೆ ಬೀಳುತ್ತದೆ. ಆದ್ದರಿಂದ ಕೆಲವರು ಈ ಪದ್ಧತಿಗೆ ಸಣ್ಣ ಶುಲ್ಕವನ್ನು ಸೇರಿಸುತ್ತಾರೆ.

ಕಾನೂನಿನ ನಿಲುವು

2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟಗಾರನು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕು. ವಿತರಣೆ, ಅಂಚೆ, ನಿರ್ವಹಣೆ, ತೆರಿಗೆ ಇತ್ಯಾದಿಗಳ ವಿವರವನ್ನೂ ಕೊಡಬೇಕು. 2023ರ ನವೆಂಬರ್‌ನಲ್ಲಿ ಹೊರಬಂದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಗಳು ಬೆಲೆಯ ಅಂಶಗಳನ್ನು ಮೊದಲು ಮರೆಮಾಚಿ ಆಮೇಲೆ ಹೊರಗೆಡಹುವುದನ್ನು ‘ಡ್ರಿಪ್ ಪ್ರೈಸಿಂಗ್’ ಎಂದು ಕರೆದು ನಿಷೇಧಿಸಿವೆ. ಖಚಿತಪಡಿಸುವಾಗ ತೋರಿಸಿದ್ದಕ್ಕಿಂತ ಹೆಚ್ಚು ಮೊತ್ತ ವಸೂಲು ಮಾಡುವುದೂ ಇದರಲ್ಲಿ ಸೇರುತ್ತದೆ. ಕ್ಯಾಶ್ ಆನ್ ಡೆಲಿವರಿಗೆ ಹೆಚ್ಚುವರಿ ಶುಲ್ಕ ವಿಧಿಸುವ ಬಗ್ಗೆ ದೂರುಗಳು ಬಂದಿದ್ದು, ತನಿಖೆ ಆರಂಭವಾಗಿದೆ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ 2025ರ ಅಕ್ಟೋಬರ್‌ನಲ್ಲಿ ತಿಳಿಸಿದರು.

ಮೊದಲೇ ತೋರಿಸಿ, ಗ್ರಾಹಕನು ಒಪ್ಪಿದ ಶುಲ್ಕವು ಬೆಲೆಯ ಭಾಗವೇ ಆಗುತ್ತದೆ. ಅದನ್ನು ಬಾಗಿಲಲ್ಲಿ ನಿರಾಕರಿಸಲು ಆಧಾರವಿರುವುದಿಲ್ಲ.

ಒಂದು ಉದಾಹರಣೆ

ಒಬ್ಬರು 649 ರೂಪಾಯಿಯ ಪ್ರೆಷರ್ ಕುಕ್ಕರ್ ಬಿಡಿಭಾಗವೊಂದನ್ನು ಆರ್ಡರ್ ಮಾಡುತ್ತಾರೆ ಎಂದು ಭಾವಿಸೋಣ. ವಿತರಣೆಗೆ 40, ನಗದು ಪಾವತಿಗೆ 10 ರೂಪಾಯಿ ಸೇರಿ ಒಟ್ಟು 699 ಎಂದು ಪರದೆಯಲ್ಲಿ ಕಾಣುತ್ತದೆ. ಮನೆಗೆ ಬಂದ ವಿತರಕನು ‘ಹ್ಯಾಂಡ್ಲಿಂಗ್ ಸೇರಿ 749 ಕೊಡಿ’ ಎನ್ನುತ್ತಾನೆ. ಆಗ ಪಾರ್ಸೆಲ್ ಮೇಲಿನ ಚೀಟಿಯಲ್ಲಿ ಅಚ್ಚಾಗಿರುವ ಸಂಗ್ರಹಣಾ ಮೊತ್ತವನ್ನು ನೋಡಬೇಕು.

ಅಲ್ಲಿ 699 ಎಂದಿದ್ದರೆ, ಉಳಿದ 50 ರೂಪಾಯಿ ಮಾರಾಟಗಾರನಿಗೆ ಸಲ್ಲುವಂಥದ್ದಲ್ಲ. ಅದು ವಿತರಕನ ಸ್ವಂತ ಬೇಡಿಕೆಯಾಗಿರುವ ಸಾಧ್ಯತೆಯೇ ಹೆಚ್ಚು. ಗ್ರಾಹಕರು 699 ಮಾತ್ರ ಕೊಟ್ಟು ರಸೀದಿ ಪಡೆಯಬಹುದು. ಯು.ಪಿ.ಐ. ಮೂಲಕ ಕೊಡುವಾಗ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದೊಡನೆ ಯಾರ ಹೆಸರು ಕಾಣುತ್ತದೆ ಎಂಬುದನ್ನು ಗಮನಿಸಬೇಕು. ಸಂಸ್ಥೆಯ ಬದಲು ವ್ಯಕ್ತಿಯ ಹೆಸರಿದ್ದರೆ ಹಣವು ಅವನ ಸ್ವಂತ ಖಾತೆಗೆ ಹೋಗುತ್ತದೆ.

ಚೀಟಿಯಲ್ಲಿಯೇ 749 ಎಂದಿದ್ದರೆ ತಪ್ಪು ವಿತರಕನದಲ್ಲ. ಆರ್ಡರ್ ಆದ ಮೇಲೆ ಮಾರಾಟಗಾರನು ಮೊತ್ತವನ್ನು ಏರಿಸಿದ್ದಾನೆ. ವಿತರಕನಿಗೆ ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಪಡೆಯುವ ಅಧಿಕಾರ ಸಾಮಾನ್ಯವಾಗಿ ಇರದ ಕಾರಣ, ಪಾರ್ಸೆಲ್ ಅನ್ನು ನಿರಾಕರಿಸುವುದು, ಇಲ್ಲವೇ ಹಣ ಕೊಟ್ಟು ದೂರು ಸಲ್ಲಿಸುವುದು ಎಂಬ ಎರಡು ದಾರಿಗಳಿವೆ. ಮುಂಗಡ ಕೊಟ್ಟಿಲ್ಲದಿದ್ದರೆ, ನಿರಾಕರಣೆಯಿಂದ ಗ್ರಾಹಕರು ಹಣ ಕಳೆದುಕೊಳ್ಳುವುದಿಲ್ಲ.

ವಿದೇಶದಿಂದ ಬರುವ ಪಾರ್ಸೆಲ್‌ಗಳು ಇದಕ್ಕೆ ಅಪವಾದ. ಅವುಗಳ ಮೇಲಿನ ಸುಂಕವನ್ನು ಬಾಗಿಲಲ್ಲಿ ಪಡೆಯುವುದುಂಟು. ಆಗಲೂ ಸುಂಕದ ಲಿಖಿತ ವಿವರವನ್ನು ಕೇಳಿ ಪಡೆಯಬೇಕು.

ದೂರಿನ ಕ್ರಮ

ಆರ್ಡರ್ ಸಾರಾಂಶದ ಚಿತ್ರ, ಪಾರ್ಸೆಲ್ ಚೀಟಿಯ ಛಾಯಾಚಿತ್ರ ಮತ್ತು ಪಾವತಿಯ ರಸೀದಿ ಮುಖ್ಯ ಸಾಕ್ಷ್ಯಗಳು. ನಗದು ಕೊಟ್ಟು ರಸೀದಿ ಪಡೆಯದಿದ್ದರೆ ಹೆಚ್ಚು ಹಣ ತೆತ್ತದ್ದನ್ನು ಸಾಬೀತುಪಡಿಸುವುದು ಕಷ್ಟ. ಮೊದಲು ಸಂಸ್ಥೆಯ ದೂರು ಪರಿಹಾರ ಅಧಿಕಾರಿಗೆ ಬರೆಯಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರಿನ ಸ್ವೀಕೃತಿಯನ್ನೂ, ಒಂದು ತಿಂಗಳೊಳಗೆ ಪರಿಹಾರವನ್ನೂ ನೀಡಬೇಕೆಂದು ನಿಯಮವಿದೆ. ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸಹಾಯವಾಣಿಯು ಸಂಧಾನ ನಡೆಸುತ್ತದೆಯೇ ಹೊರತು ತೀರ್ಪು ನೀಡುವುದಿಲ್ಲ. ತೀರ್ಪು ಬೇಕಾದವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬಹುದು. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ.